ಒಂದು ಕಿಟಕಿ, ಒಂದು ರಿಫ್ಲೆಕ್ಟರ್: 40 ನಿಮಿಷದ ಸಂದರ್ಶನಕ್ಕೆ ಇಷ್ಟೇ ಸಾಕಾ?

ಹೊಸಹಾದಿ
ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಒಬ್ಬರು ಹಿರಿಯ ಸಂಗೀತ ಶಿಕ್ಷಕಿಯ ಸಂದರ್ಶನ ಶೂಟ್ ಮಾಡಬೇಕು. ಅವರ ಮನೆಯಲ್ಲೇ, ಒಂದೇ ಕ್ಯಾಮೆರಾ. ಲೈಟ್ ಬಾಡಿಗೆಗೆ ತರುವಷ್ಟು ಬಜೆಟ್ ಇಲ್ಲ. ಇರೋದು ಒಂದು ದೊಡ್ಡ ಕಿಟಕಿ, ಸುಮಾರು 4 ಅಡಿ ಅಗಲ, ಮತ್ತೆ ಐದು ಬಗೆಯ ಬಟ್ಟೆ ಇರುವ ಒಂದು ಮಡಚುವ ರಿಫ್ಲೆಕ್ಟರ್. ಅವರು ಕನ್ನಡಕ ಹಾಕುತ್ತಾರೆ. ಮಾತು 40 ನಿಮಿಷ ನಡೆಯಬಹುದು.

ನಿನ್ನೆ ಸ್ನೇಹಿತೆಯನ್ನು ಕೂರಿಸಿಕೊಂಡು ಒಂದು ಟೆಸ್ಟ್ ತೆಗೆದೆ. ಕಿಟಕಿ ಕಡೆಯ ಕೆನ್ನೆ ಬೆಳ್ಳಗೆ ಸುಟ್ಟ ಹಾಗಿತ್ತು, ಆಚೆ ಕಡೆ ಕಣ್ಣು ಕೂಡ ಕಾಣುತ್ತಿರಲಿಲ್ಲ. ಸಿಲ್ವರ್ ಬಟ್ಟೆ ಹಿಡಿದರೆ ಕತ್ತಲೆ ಹೋಯಿತು, ಆದರೆ ಮುಖದ ಮೇಲೆ ಎಣ್ಣೆ ಸವರಿದ ಹಾಗೆ ಮಿಂಚು ಬಂತು. ಜೊತೆಗೆ ಹತ್ತು ನಿಮಿಷದಲ್ಲಿ ಬೆಳಕು ಎರಡು ಸಲ ಏರಿಳಿಯಿತು. ಯಾರನ್ನು ಎಲ್ಲಿ ಕೂರಿಸಬೇಕು, ರಿಫ್ಲೆಕ್ಟರ್ ಎಲ್ಲಿ ಇಡಬೇಕು, ಬೆಳಕು ಬದಲಾದರೆ ಏನು ಮಾಡಬೇಕು? ಗೊತ್ತಿರೋರು ಬಿಡಿಸಿ ಹೇಳಿ.

ಕ್ಯಾಮೆರಾಕಿಟ್ಟಿ
ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅವರನ್ನು ಕಿಟಕಿಗೆ ನೇರ ಮುಖ ಮಾಡಿ ಕೂರಿಸಿ, ನೀವು ಕಿಟಕಿಗೆ ಬೆನ್ನು ಹಾಕಿ ಕ್ಯಾಮೆರಾ ಇಡಿ. ಮುಖ ಪೂರ್ತಿ ಬೆಳಗುತ್ತೆ, ರಿಫ್ಲೆಕ್ಟರೇ ಬೇಡ. ನಾನು ಮದುವೆಗಳಲ್ಲಿ ಮದುಮಕ್ಕಳ ಫೋಟೊ ಹೀಗೇ ತೆಗೆಯೋದು, ಯಾರೂ ಬೇಡ ಅಂದಿಲ್ಲ.

ನೆರಳುಬೆಳಕು
ಕಿಟ್ಟಿಯವರೇ, ಫೋಟೊಗೆ ಅದು ಸರಿ. ಚರ್ಮ ನುಣುಪಾಗಿ ಕಾಣುತ್ತೆ, ಸುಕ್ಕು ಮುಚ್ಚುತ್ತೆ. ಆದರೆ 40 ನಿಮಿಷ ಮಾತಾಡೋ ಮುಖಕ್ಕೆ ಅದು ಚಪ್ಪಟೆ ಆಗಿಬಿಡುತ್ತೆ, ಮೂಗು ಕೆನ್ನೆ ಎಲ್ಲ ಒಂದೇ ಮಟ್ಟ. ಇನ್ನೊಂದು ವಿಷಯ, ಹಿರಿಯರು ಅಷ್ಟು ಹೊತ್ತು ಬೆಳಕನ್ನೇ ನೋಡುತ್ತಾ ಕೂತರೆ ಕಣ್ಣು ಕಿರಿದು ಮಾಡುತ್ತಾರೆ.

ಹೊಸಹಾದಿ, ರಿಫ್ಲೆಕ್ಟರ್ ವಿಷಯ ಆಮೇಲೆ ನೋಡೋಣ. ಮೊದಲು ಕುರ್ಚಿ. ನಿಮ್ಮ ಟೆಸ್ಟ್‌ನಲ್ಲಿ ಸ್ನೇಹಿತೆ ಕಿಟಕಿಯ ನಡುವಿಗೆ ಸರಿಯಾಗಿ, ಪಕ್ಕಕ್ಕೆ ಕೂತಿದ್ದರು ಅನ್ಸುತ್ತೆ. ಹಾಗೆ ಕೂತರೆ ಬೆಳಕು ಕಿವಿಯ ಕಡೆಯಿಂದ ಬರುತ್ತೆ, ಅರ್ಧ ಮುಖ ಕತ್ತಲೆ ಆಗಲೇಬೇಕು. ಕುರ್ಚಿಯನ್ನು ಕ್ಯಾಮೆರಾದಿಂದ ದೂರ, ಹಿಂದಕ್ಕೆ ಎಳೆಯಿರಿ, ಕಿಟಕಿಯ ಹಿಂದಿನ ಅಂಚು ಅವರ ಭುಜದ ನೇರಕ್ಕೆ ಬರುವ ತನಕ. ಆಗ ಇಡೀ ಕಿಟಕಿ ಅವರ ಮುಂದೆ, ಓರೆಯಾಗಿ ಇರುತ್ತೆ. ಗೋಡೆಯಿಂದ ಪಕ್ಕಕ್ಕೆ 3 ರಿಂದ 4 ಅಡಿ ದೂರ ಸಾಕು. ತೀರಾ ಕಿಟಕಿಗೆ ಒತ್ತಿ ಕೂರಿಸಿದರೆ ಬೆಳಕು ಮೃದುವೇನೋ ಆಗುತ್ತೆ, ಆದರೆ ಅವರು ಒಂದು ಗೇಣು ಮುಂದೆ ಬಾಗಿದರೂ ಮುಖದ ಬೆಳಕು ಬದಲಾಗುತ್ತೆ. ಮಾತಾಡುವಾಗ ಯಾರೂ ಅಲ್ಲಾಡದೆ ಕೂರಲ್ಲ ಅಲ್ವಾ.

ಎರಡನೇದು ಇದಕ್ಕಿಂತ ಮುಖ್ಯ. ಪ್ರಶ್ನೆ ಕೇಳುವವರು ಕ್ಯಾಮೆರಾ ಮತ್ತು ಕಿಟಕಿಯ ನಡುವೆ ಕೂರಬೇಕು. ಆಗ ಶಿಕ್ಷಕಿ ಮಾತಾಡುವಾಗ ಮುಖ ತಾನಾಗಿ ಕಿಟಕಿ ಕಡೆಗೆ ಸ್ವಲ್ಪ ತಿರುಗಿರುತ್ತೆ, ಕ್ಯಾಮೆರಾಗೆ ಹತ್ತಿರ ಇರೋದು ನೆರಳಿನ ಕೆನ್ನೆ. ಬೆಳಕಿರುವ ಕೆನ್ನೆ ಆಚೆ ಕಡೆ ಕಿರಿದಾಗಿ ಕಾಣುತ್ತೆ. ಮುಖಕ್ಕೆ ಆಕಾರ ಬರೋದು ಇದರಿಂದ. ಕೇಳುವವರನ್ನು ಕ್ಯಾಮೆರಾದ ಈಚೆ ಪಕ್ಕ ಕೂರಿಸಿದರೆ ಬೆಳಕಿನ ಅಗಲ ಕೆನ್ನೆಯೇ ಕ್ಯಾಮೆರಾಗೆ ಎದುರಾಗುತ್ತೆ, ಮುಖ ಊದಿದ ಹಾಗೆ ಕಾಣುತ್ತೆ. ಅದೇ ಕಿಟಕಿ, ಅದೇ ಕುರ್ಚಿ, ಒಂದು ಸ್ಟೂಲ್ ಸರಿಸಿದರೆ ಇಷ್ಟು ವ್ಯತ್ಯಾಸ.

ಹೊಸಹಾದಿ
ನಾನು ಕೇಳುವವರನ್ನು ಈಚೆ ಪಕ್ಕವೇ ಕೂರಿಸಿದ್ದೆ, ಕಿಟಕಿ ಕಡೆ ಜಾಗ ಇಕ್ಕಟ್ಟು ಅಂತ. ನಾಳೆ ಆ ಕಡೆ ಹಾಕಿ ನೋಡ್ತೀನಿ. ರಿಫ್ಲೆಕ್ಟರ್?

ನೆರಳುಬೆಳಕು
ಬಿಳಿ ಬಟ್ಟೆ ಹಾಕಿ, ಸಿಲ್ವರ್ ಒಳಗಿಡಿ. ಕಿಟಕಿಯ ಎದುರು ಪಕ್ಕ, ಅಂದ್ರೆ ನೆರಳಿನ ಕೆನ್ನೆಯ ಕಡೆ, ಚೌಕಟ್ಟಿಗೆ ಬೀಳದ ಹಾಗೆ ಎಷ್ಟು ಹತ್ತಿರ ತರಬಹುದೋ ಅಷ್ಟು. ಸಾಮಾನ್ಯವಾಗಿ ಎರಡೂವರೆ ಅಡಿ ಸುತ್ತಮುತ್ತ ನಿಲ್ಲುತ್ತೆ. ಪೂರ್ತಿ ಪಕ್ಕಕ್ಕೆ ಬೇಡ, ಸ್ವಲ್ಪ ಮುಂದಕ್ಕೆ ತಂದು ಮುಖದ ಕಡೆ ತಿರುಗಿಸಿ. ಕಿವಿಯ ಪಕ್ಕ ಇಟ್ಟರೆ ಕಿವಿ ಮತ್ತು ಕುತ್ತಿಗೆ ಬೆಳಗುತ್ತೆ, ಮೂಗಿನ ಪಕ್ಕದ ನೆರಳು ಹಾಗೇ ಉಳಿಯುತ್ತೆ.

ಎತ್ತರ ನೋಡಿಕೊಳ್ಳಿ. ಬಹಳ ಜನ ಅದನ್ನು ತೊಡೆ ಮೇಲೋ ನೆಲದ ಮೇಲೋ ಇಟ್ಟುಬಿಡುತ್ತಾರೆ. ಕೆಳಗಿನಿಂದ ಬೆಳಕು ಬಂದರೆ ಗಲ್ಲದ ಅಡಿ, ಮೂಗಿನ ಹೊಳ್ಳೆ ಬೆಳಗಿ ಮುಖ ಭೂತದ ಹಾಗೆ ಆಗುತ್ತೆ. ರಿಫ್ಲೆಕ್ಟರ್‌ನ ನಡು ಅವರ ಮುಖದ ಮಟ್ಟಕ್ಕೆ ಇರಲಿ.

ರೀಲ್‌ರಮ್ಯ
ಬಿಳಿ ಬಟ್ಟೆ ಸಾಲಲ್ಲ ಅಂತ ನನ್ನ ಅನುಭವ. ರೂಮ್ ಕತ್ತಲೆ ಇದ್ದರೆ ಬಿಳಿ ಏನೂ ಮಾಡಲ್ಲ. ನಾನು ಗೋಲ್ಡ್ ಹಾಕ್ತೀನಿ, ಚರ್ಮಕ್ಕೆ ಒಳ್ಳೆ ಬಣ್ಣ ಬರುತ್ತೆ. ನಮ್ಮಂಥ ಮೈಬಣ್ಣಕ್ಕೆ ಗೋಲ್ಡೇ ಚೆನ್ನ.

ನೆರಳುಬೆಳಕು
ರಮ್ಯ ಅವರೇ, ಬಿಳಿ ಕಡಿಮೆ ಬೆಳಕು ಕೊಡುತ್ತೆ ಅನ್ನೋದು ನಿಜ. ಆದರೆ ಬಹುಪಾಲು ಅದು ದೂರ ಇಟ್ಟಿದ್ದರಿಂದ ಆಗೋದು. 5 ಅಡಿಯಲ್ಲಿ ಬಿಳಿ ಬಟ್ಟೆ ಇದ್ದೂ ಇಲ್ಲದ ಹಾಗೆ, ಎರಡೂವರೆ ಅಡಿಗೆ ತಂದರೆ ಕಣ್ಣಿಗೇ ಗೊತ್ತಾಗುತ್ತೆ.

ಗೋಲ್ಡ್ ವಿಷಯಕ್ಕೆ ನಾನು ಒಪ್ಪಲ್ಲ. ಕಿಟಕಿಯಿಂದ ಬರೋದು ಆಕಾಶದ ಬೆಳಕು, ಅದು ನೀಲಿ ಕಡೆಗೆ ಇರುತ್ತೆ. ಗೋಲ್ಡ್‌ನಿಂದ ಬರೋದು ಹಳದಿ. ಒಂದು ಕೆನ್ನೆ ತಣ್ಣಗೆ, ಇನ್ನೊಂದು ಅರಿಶಿನ. ಎಡಿಟ್‌ನಲ್ಲಿ ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತೆ. ಬಣ್ಣ ಬೆಚ್ಚಗೆ ಬೇಕು ಅಂದ್ರೆ ಕ್ಯಾಮೆರಾದಲ್ಲಿ ವೈಟ್ ಬ್ಯಾಲೆನ್ಸ್ ಸ್ವಲ್ಪ ಮೇಲೆ ಹಾಕಿ, ಆಗ ಇಡೀ ಮುಖ ಒಟ್ಟಿಗೆ ಬೆಚ್ಚಗಾಗುತ್ತೆ. ಕಪ್ಪು ಮೈಬಣ್ಣಕ್ಕೆ ಬೇಕಾಗಿರೋದು ದೊಡ್ಡ, ಹತ್ತಿರದ, ಮೃದುವಾದ ಬೆಳಕು. ಚರ್ಮದ ಮೇಲೆ ಅಗಲವಾದ ನಯವಾದ ಹೊಳಪು ಬರುತ್ತೆ, ಆಕಾರ ಅದರಲ್ಲೇ ಕಾಣುತ್ತೆ. ಸಿಲ್ವರ್, ಗೋಲ್ಡ್ ಎರಡೂ ಬೆವರಿನ ಹನಿಗಳನ್ನು ಚುಕ್ಕೆ ಚುಕ್ಕೆಯಾಗಿ ಎತ್ತಿ ತೋರಿಸುತ್ತವೆ. ಹೊಸಹಾದಿಯವರು ನೋಡಿದ ಎಣ್ಣೆ ಮಿಂಚು ಅದೇ.

ರೀಲ್‌ರಮ್ಯ
ಸಂಜೆ ಬೆಳಕಲ್ಲಿ ಗೋಲ್ಡ್ ನನಗೆ ಯಾವತ್ತೂ ಕೈಕೊಟ್ಟಿಲ್ಲ. ಆಗ ಕಿಟಕಿ ಬೆಳಕೇ ಹಳದಿ ಇರುತ್ತೆ, ಎರಡೂ ಹೊಂದಿಕೊಳ್ಳುತ್ತೆ. ಮಧ್ಯಾಹ್ನಕ್ಕೆ ನಿಮ್ಮ ಮಾತು ಇರಬಹುದು.

ನೆರಳುಬೆಳಕು
ಸಂಜೆಗೆ ಒಪ್ಪಿದೆ. ಆದರೆ ಸಂಜೆ ಬೆಳಕು 40 ನಿಮಿಷ ಒಂದೇ ತರ ನಿಲ್ಲಲ್ಲ, ಅವರಿಗೆ ಅದೇ ತೊಂದರೆ.

ಸೌಂಡ್‌ಸೀನ
ನಾನು ಧ್ವನಿ ಕೆಲಸದವನು, ಒಂದು ಮಾತು ಸೇರಿಸ್ತೀನಿ. ರಿಫ್ಲೆಕ್ಟರ್ ಅನ್ನು ಯಾರ ಕೈಗೂ ಕೊಡಬೇಡಿ. ಐದು ನಿಮಿಷಕ್ಕೆ ಕೈ ಸೋತು ಇಳಿಯುತ್ತೆ, ಬಟ್ಟೆ ಪಟಪಟ ಸದ್ದು ಮಾಡುತ್ತೆ, ಅದು ಮೈಕ್‌ಗೆ ಬೀಳುತ್ತೆ. ಕುರ್ಚಿ ಬೆನ್ನಿಗೋ ಬಟ್ಟೆ ಒಣಹಾಕುವ ಸ್ಟ್ಯಾಂಡಿಗೋ ಎರಡು ಕ್ಲಿಪ್ ಹಾಕಿ ಕಟ್ಟಿ. ಮತ್ತೆ ಫ್ಯಾನ್ ಆಫ್. ಫ್ಯಾನ್ ಇದ್ದರೆ ನನಗೂ ಕಷ್ಟ, ನಿಮಗೂ ಕಷ್ಟ.

ನೆರಳುಬೆಳಕು
ಸೀನ ಹೇಳಿದ್ದು ಬೆಳಕಿಗೂ ಅಷ್ಟೇ ಮುಖ್ಯ. ಗಾಳಿಗೆ ಬಟ್ಟೆ ಅಲ್ಲಾಡಿದರೆ ನೆರಳಿನ ಕೆನ್ನೆ ಮೇಲೆ ಬೆಳಕು ನಡುಗುತ್ತೆ. ಶೂಟ್ ಮಾಡುವಾಗ ಚಿಕ್ಕ ಪರದೆಯಲ್ಲಿ ಗೊತ್ತಾಗಲ್ಲ, ದೊಡ್ಡ ಪರದೆಯಲ್ಲಿ ಹಾಕಿದಾಗ ಏನೋ ಮಿಣುಕುತ್ತಿದೆ ಅನ್ಸುತ್ತೆ. ರಿಫ್ಲೆಕ್ಟರ್ ಬದಲು ಒಂದು ಥರ್ಮಾಕೋಲ್ ಹಾಳೆ ಸಿಕ್ಕರೆ ಇನ್ನೂ ಒಳ್ಳೇದು. ಬಿಳಿ, ಚಪ್ಪಟೆ, ಮಡಚಲ್ಲ, ಗೋಡೆಗೆ ಒರಗಿಸಿದರೂ ನಿಲ್ಲುತ್ತೆ.

ಮನೆಯಿಂದಕೆಲಸ
ನನಗೂ ಇದೇ ಸಮಸ್ಯೆ. ಆಫೀಸ್ ವಿಡಿಯೊ ಕಾಲ್‌ನಲ್ಲಿ ನನ್ನ ಮುಖ ಕಪ್ಪಗೆ ಬರುತ್ತೆ, ಹಿಂದಿನ ಕಿಟಕಿ ಮಾತ್ರ ಬೆಳ್ಳಗೆ. ರಿಫ್ಲೆಕ್ಟರ್ ತಗೊಂಡರೆ ಸರಿ ಹೋಗುತ್ತಾ?

ಕ್ಯಾಮೆರಾಕಿಟ್ಟಿ
ನಿಮ್ಮದು ಬೇರೆ ಕಥೆ. ಕಿಟಕಿ ಬೆನ್ನ ಹಿಂದೆ ಇದೆ, ಕ್ಯಾಮೆರಾ ಅದಕ್ಕೆ ಹೊಂದಿಸಿಕೊಂಡು ನಿಮ್ಮನ್ನು ಕಪ್ಪು ಮಾಡುತ್ತೆ. ಮೇಜು ತಿರುಗಿಸಿ ಕಿಟಕಿ ಎದುರಿಗೆ ಬರುವ ಹಾಗೆ ಕೂತರೆ ಸಾಕು, ಏನೂ ಕೊಳ್ಳಬೇಕಾಗಿಲ್ಲ. ಇಲ್ಲಿ ಮಾತ್ರ ನನ್ನ ಮೊದಲ ಸಲಹೆ ಪೂರ್ತಿ ಸರಿ.

ಹೊಸಹಾದಿ
ಇವತ್ತು ಅದೇ ರೂಮಿನಲ್ಲಿ, ಸ್ನೇಹಿತೆಗೆ ಕನ್ನಡಕ ಹಾಕಿಸಿ ಮತ್ತೆ ಟೆಸ್ಟ್ ಮಾಡಿದೆ. ಕುರ್ಚಿ ಹಿಂದಕ್ಕೆ, ಕೇಳುವವರು ಕಿಟಕಿ ಕಡೆ, ಬಿಳಿ ಬಟ್ಟೆ ಎರಡೂವರೆ ಅಡಿಯಲ್ಲಿ. ಮುಖ ತುಂಬ ಚೆನ್ನಾಗಿ ಬಂತು, ಎರಡೂ ಕಣ್ಣಲ್ಲಿ ಕಿಟಕಿಯ ಚಿಕ್ಕ ಬಿಳಿ ಚೌಕ ಕಾಣುತ್ತೆ. ಎರಡು ತೊಂದರೆ ಉಳಿದಿದೆ. ಆಗಾಗ ಕನ್ನಡಕದಲ್ಲಿ ಕಿಟಕಿ ಪೂರ್ತಿ ಮಿಂಚಿ ಕಣ್ಣೇ ಮಾಯ ಆಗುತ್ತೆ, ಆದರೆ ಯಾವಾಗಲೂ ಅಲ್ಲ. ಮತ್ತೆ ನೆರಳು ಎಷ್ಟು ಇದ್ದರೆ ಸರಿ ಅಂತ ಕಣ್ಣಂದಾಜಿಗೆ ಗೊತ್ತಾಗ್ತಿಲ್ಲ.

ನೆರಳುಬೆಳಕು
ಎರಡನೇದು ಮೊದಲು. ಕ್ಯಾಮೆರಾ ಮ್ಯಾನುವಲ್‌ಗೆ ಹಾಕಿ. ಬೆಳಕಿನ ಕೆನ್ನೆ ಚೌಕಟ್ಟು ತುಂಬುವಷ್ಟು ಹತ್ತಿರ ಹೋಗಿ, ನಿಮ್ಮ ನೆರಳು ಬೀಳದ ಹಾಗೆ, ಮೀಟರ್ ಸೊನ್ನೆಗೆ ಬರುವ ತನಕ ಶಟರ್ ತಿರುಗಿಸಿ. ಆಮೇಲೆ ಶಟರ್ ಮುಟ್ಟದೆ ನೆರಳಿನ ಕೆನ್ನೆಗೆ ಬನ್ನಿ. ಮೀಟರ್ ಎಷ್ಟು ಕೆಳಗೆ ಹೋಯಿತು ನೋಡಿ. ಒಂದು ಸ್ಟಾಪ್ ಕೆಳಗೆ ಅಂದ್ರೆ ಬೆಳಕು ಅರ್ಧ ಆದ ಹಾಗೆ. ಒಂದರಿಂದ ಒಂದೂವರೆ ಸ್ಟಾಪ್ ಕೆಳಗಿದ್ದರೆ ಸಂದರ್ಶನಕ್ಕೆ ಹಿತವಾಗಿರುತ್ತೆ. ಎರಡೂವರೆ, ಮೂರು ಆದರೆ ಮುಖ ಗಂಭೀರ, ನಾಟಕದ ತರ. ಅರ್ಧಕ್ಕಿಂತ ಕಡಿಮೆ ಆದರೆ ಮತ್ತೆ ಚಪ್ಪಟೆ. ಒಂದೂವರೆಗಿಂತ ಜಾಸ್ತಿ ಇದ್ದರೆ ರಿಫ್ಲೆಕ್ಟರ್ ಅರ್ಧ ಅಡಿ ಹತ್ತಿರ ತಂದು ಮತ್ತೆ ಅಳೆಯಿರಿ. ಸಿಕ್ಕ ಮೇಲೆ ರಿಫ್ಲೆಕ್ಟರ್ ಮತ್ತು ಕುರ್ಚಿಯ ಕಾಲಿನ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ. ನಡುವೆ ಅವರು ನೀರು ಕುಡಿಯಲು ಎದ್ದು ಬಂದರೂ ಅದೇ ಬೆಳಕಲ್ಲಿ ಕೂರುತ್ತಾರೆ.

ಬಿಳಿ ಗೋಡೆಯ ಚಿಕ್ಕ ರೂಮಲ್ಲಿ ರಿಫ್ಲೆಕ್ಟರ್ ಇಲ್ಲದೆಯೇ ಅರ್ಧ ಸ್ಟಾಪ್ ಬರಬಹುದು, ಗೋಡೆಯೇ ಆ ಕೆಲಸ ಮಾಡುತ್ತೆ. ಹಾಗಾದಾಗ ಅದೇ ರಿಫ್ಲೆಕ್ಟರ್‌ನ ಕಪ್ಪು ಬಟ್ಟೆ ಹೊರಗೆ ಮಾಡಿ ಅದೇ ಜಾಗದಲ್ಲಿ ನಿಲ್ಲಿಸಿ. ಗೋಡೆಯಿಂದ ಬರೋ ಬೆಳಕು ಕಡಿಮೆಯಾಗಿ ನೆರಳು ವಾಪಸ್ ಬರುತ್ತೆ. ಬೆಳಕು ಸಾಲದೆ ಹೋಗೋದಷ್ಟೇ ತೊಂದರೆ ಅಂತ ಎಲ್ಲರೂ ಅಂದ್ಕೊಳ್ಳುತ್ತಾರೆ, ಚಿಕ್ಕ ಮನೆಗಳಲ್ಲಿ ಎಷ್ಟೋ ಸಲ ಜಾಸ್ತಿ ಆಗಿರುತ್ತೆ.

ಈಗ ಕನ್ನಡಕ. ನೀವೇ ಸುಳಿವು ಕೊಟ್ಟಿದ್ದೀರಿ, ಯಾವಾಗಲೂ ಅಲ್ಲ ಅಂತ. ಅವರು ಕೇಳುವವರನ್ನು ನೋಡುವಾಗ ಗಾಜಿನಲ್ಲಿ ಕ್ಯಾಮೆರಾಗೆ ಕಾಣೋದು ಕೇಳುವವರ ಸುತ್ತಮುತ್ತಲಿನ ಜಾಗ. ಯೋಚಿಸುತ್ತಾ ಕಿಟಕಿ ಕಡೆ ಮುಖ ಇನ್ನೊಂದಿಷ್ಟು ತಿರುಗಿಸಿದಾಗ ಮಾತ್ರ ಕಿಟಕಿ ಗಾಜಿಗೆ ಬರುತ್ತೆ. ಹಾಗಾಗಿ ಕೇಳುವವರು ಲೆನ್ಸಿಗೆ ಒತ್ತಿಕೊಂಡು ಕೂರಲಿ, ಭುಜ ಟ್ರೈಪಾಡಿಗೆ ತಾಗುವಷ್ಟು. ಅವರ ಮುಖ ಕಿಟಕಿ ಕಡೆ ತಿರುಗೋದು ಅಷ್ಟರಮಟ್ಟಿಗೆ ಕಡಿಮೆ ಆಗುತ್ತೆ. ಕೇಳುವವರು ಬಿಳಿ ಅಂಗಿ ಹಾಕಬಾರದು, ಹಾಕಿದರೆ ಅಂಗಿಯೇ ಗಾಜಿನಲ್ಲಿ ಕೂರುತ್ತೆ. ಇಷ್ಟಕ್ಕೂ ಹೋಗದಿದ್ದರೆ ಕನ್ನಡಕದ ಕಡ್ಡಿಯನ್ನು ಕಿವಿಯ ಹತ್ತಿರ ಒಂದು ಚೂರು ಮೇಲಕ್ಕೆತ್ತಿ. ಗಾಜು ಕೆಳಮುಖವಾಗಿ ವಾಲುತ್ತೆ, ಮಿಂಚು ಕೆಳಗೆ ಜಾರುತ್ತೆ. ನೋಡುವವರಿಗೆ ಗೊತ್ತೇ ಆಗಲ್ಲ.

ಕಿಟಕಿ ಬಹಳ ಕೆಳಗಿನ ತನಕ ಇದೆಯಾ?

ಹೊಸಹಾದಿ
ಹೌದು, ಕೂತವರ ಮೊಣಕಾಲಿನ ಮಟ್ಟದಿಂದ ಶುರು.

ನೆರಳುಬೆಳಕು
ಹಾಗಿದ್ದರೆ ಕೆಳಗಿನ ಭಾಗವನ್ನು ಅವರ ಎದೆಯ ಎತ್ತರದ ತನಕ ದಪ್ಪ ಕಪ್ಪು ಬಟ್ಟೆಯಿಂದ ಮುಚ್ಚಿ. ಬೆಳಕು ಮೇಲಿನಿಂದ ಓರೆಯಾಗಿ ಬೀಳುತ್ತೆ, ದವಡೆಯ ಕೆಳಗೆ ಸಣ್ಣ ನೆರಳು ಬಂದು ಕುತ್ತಿಗೆ ಬೇರೆಯಾಗಿ ಕಾಣುತ್ತೆ. ವಯಸ್ಸಾದವರ ಮುಖಕ್ಕೆ ಇದು ಬಹಳ ಸಹಾಯ. ಒಟ್ಟು ಬೆಳಕು ಸ್ವಲ್ಪ ಕಡಿಮೆ ಆಗುತ್ತೆ, ಐಎಸ್‌ಒ ಏರಿಸಿಕೊಳ್ಳಿ.

ಹೊಸಹಾದಿ
ಸರಿ. ಈಗ ಬೆಳಕು ಏರಿಳಿಯೋ ವಿಷಯ. ಆ ಕಿಟಕಿಗೆ ಬೆಳಿಗ್ಗೆ ಬಿಸಿಲು ನೇರ ಬರುತ್ತೆ, 11 ಗಂಟೆ ಹೊತ್ತಿಗೆ ಹೋಗುತ್ತೆ. ಟೆಸ್ಟ್ ಮಾಡಿದ್ದು ಬಿಸಿಲು ಹೋದ ಮೇಲೇ. ಆದರೂ ಬದಲಾಯಿತು.

ಕ್ಯಾಮೆರಾಕಿಟ್ಟಿ
ಐಎಸ್‌ಒ ಆಟೋಗೆ ಹಾಕಿ, ಮೇಲಿನ ಮಿತಿ ಮಾತ್ರ ಕಟ್ಟಿಬಿಡಿ. ಮೋಡ ಬಂದರೂ ಕ್ಯಾಮೆರಾ ತಾನೇ ನೋಡಿಕೊಳ್ಳುತ್ತೆ. ಅದಕ್ಕೇ ಅಲ್ವಾ ಆ ಸೌಲಭ್ಯ ಇರೋದು?

ಕತ್ತರಿಕೆಲಸ
ಎಡಿಟರ್ ಆಗಿ ಹೇಳ್ತೀನಿ, ದಯವಿಟ್ಟು ಬೇಡ. ಆಟೋದಲ್ಲಿ ಅವರು ಕೈ ಎತ್ತಿದರೆ, ಬಿಳಿ ಸೆರಗು ಸರಿಸಿದರೆ, ಹಿಂದಿನ ಗೋಡೆ ಕಪ್ಪಾಗಿ ಬೆಳ್ಳಗಾಗುತ್ತೆ. ಮಾತಿನ ನಡುವೆ ಆಗುವ ಆ ಏರಿಳಿತವನ್ನು ಸರಿ ಮಾಡೋಕೆ ಒಂದೊಂದೇ ಕಡೆ ಕೂತು ಕೆಲಸ ಮಾಡಬೇಕು. ಬೆಳಕು ನಿಧಾನಕ್ಕೆ ಕಡಿಮೆ ಆಗಿದ್ದರೆ ಒಂದು ಉತ್ತರಕ್ಕೆ ಒಂದೇ ತಿದ್ದುಪಡಿ ಸಾಕು. ಶಟರ್, ಅಪರ್ಚರ್, ವೈಟ್ ಬ್ಯಾಲೆನ್ಸ್ ಮೂರೂ ಕಟ್ಟಿಹಾಕಿ. ಬೇಕಾದರೆ ಐಎಸ್‌ಒ ಮಾತ್ರ, ಅದೂ ಎರಡು ಪ್ರಶ್ನೆಗಳ ನಡುವೆ, ಕೈಯಿಂದ ಬದಲಿಸಿ.

ಕ್ಯಾಮೆರಾಕಿಟ್ಟಿ
ಒಬ್ಬರೇ ಇರ್ತಾರೆ, ಪ್ರಶ್ನೆ ಕೇಳ್ತಾ, ಮೈಕ್ ನೋಡ್ತಾ, ಐಎಸ್‌ಒ ಕೂಡ ನೋಡಬೇಕು ಅಂದ್ರೆ ಕಷ್ಟ. ದಟ್ಟ ಮೋಡ ಬಂದು ಎರಡು ಸ್ಟಾಪ್ ಇಳಿದರೆ ಆ ಉತ್ತರವೇ ಹಾಳು. ನಾನು ಆಟೋ ಪರವಾಗಿಯೇ ಇರ್ತೀನಿ.

ಕತ್ತರಿಕೆಲಸ
ಎರಡು ಸ್ಟಾಪ್ ಇಳಿದರೆ ನಿಜ, ನಾಯ್ಸ್ ಜಾಸ್ತಿ ಬರುತ್ತೆ, ಅಂದ್ರೆ ಚಿತ್ರದಲ್ಲಿ ಕಾಳು ಕಾಳು. ಆದರೂ ನಾನು ಅದನ್ನೇ ತಗೋತೀನಿ. ಇದು ಅವರವರ ಕೆಲಸದ ರೀತಿ ಮೇಲೆ ಬಿಟ್ಟಿದ್ದು.

ನೆರಳುಬೆಳಕು
ಆಟೋ ಜಗಳಕ್ಕಿಂತ ಮೊದಲು ಒಂದು ಕೆಲಸ ಮಾಡಿ ಹೊಸಹಾದಿ. ಶೂಟ್ ಮಾಡುವ ಹೊತ್ತಿಗೆ ಸರಿಯಾಗಿ ಆ ಕುರ್ಚಿಯಲ್ಲಿ ನೀವೇ ಕೂತು ಕಿಟಕಿಯಾಚೆ ನೋಡಿ. ಏನು ಕಾಣುತ್ತೋ ಅದೇ ಮುಖದ ಮೇಲೆ ಬೀಳುವ ಬೆಳಕು. ಬರೀ ಆಕಾಶ ಕಂಡರೆ ಬೆಳಕು ನಿಧಾನಕ್ಕೆ ಬದಲಾಗುತ್ತೆ. ಎದುರುಗಡೆ ಬಿಸಿಲು ಬಿದ್ದ ಬಿಳಿ ಗೋಡೆ ಕಂಡರೆ ಅದೇ ನಿಮ್ಮ ಲೈಟ್. ಸೂರ್ಯನಿಗೆ ಮೋಡ ಅಡ್ಡ ಬಂದ ಕೂಡಲೇ ಆ ಗೋಡೆ ಆರುತ್ತೆ, ಮೋಡ ಸರಿದರೆ ಹೊತ್ತಿಕೊಳ್ಳುತ್ತೆ. ಎಲೆ ತುಂಬಿದ ಮರ ಕಂಡರೆ ಮುಖಕ್ಕೆ ಹಸಿರು ಛಾಯೆ ಬರುತ್ತೆ.

ಹೊಸಹಾದಿ
ಈಗಷ್ಟೇ ಹೋಗಿ ಕೂತು ನೋಡಿ ಬಂದೆ. ನೀವು ಹೇಳಿದ ಹಾಗೇ ಎದುರುಮನೆಯ ಬಿಳಿ ಗೋಡೆ, ಅರ್ಧ ಕಿಟಕಿ ತುಂಬ ಅದೇ. ಮಧ್ಯಾಹ್ನ ಅದರ ಮೇಲೆ ಬಿಸಿಲು ಇರುತ್ತೆ, 2 ಗಂಟೆ ಕಳೆದ ಮೇಲೆ ನೆರಳು ಕೆಳಗಿನಿಂದ ಏರುತ್ತಾ ಬರುತ್ತೆ.

ನೆರಳುಬೆಳಕು
ಹಾಗಾದರೆ ಎರಡು ದಾರಿ. ಗೋಡೆ ಪೂರ್ತಿ ನೆರಳಿಗೆ ಬಂದ ಮೇಲೆ ಶುರು ಮಾಡೋದು, ಆಗ ಬೆಳಕು ಕಡಿಮೆ, ಆದರೆ ಸ್ಥಿರ. ಇಲ್ಲ ಅಂದ್ರೆ ಆಕಾಶ ತಿಳಿಯಾಗಿರುವ ದಿನ 11:30ಕ್ಕೆ ಶುರು ಮಾಡಿ ಗೋಡೆ ಬೆಳಗುತ್ತಿರುವಾಗಲೇ ಮುಗಿಸೋದು. ನಾನಾದರೆ ಎರಡನೇದು, ಬೆಳಕು ತುಂಬ ಇರುತ್ತೆ. ಪೂರ್ತಿ ಮುಚ್ಚಿದ ಮೋಡದ ದಿನವೂ ಪರವಾಗಿಲ್ಲ. ತೇಲಾಡುವ ಬಿಡಿ ಬಿಡಿ ಮೋಡದ ದಿನ ಮಾತ್ರ ಮುಂದಕ್ಕೆ ಹಾಕಿ, ಸಾಧ್ಯ ಇದ್ದರೆ.

ಅಡ್ಡಕ್ಕೆ ತೆಳು ಬಿಳಿ ಪರದೆ ಇಳಿಬಿಟ್ಟರೆ ಗೋಡೆಯ ಹೊಳಪು ಕಿಟಕಿ ತುಂಬ ಹರಡಿ ಹದವಾಗುತ್ತೆ. ಏರಿಳಿತ ಅದರಿಂದ ನಿಲ್ಲಲ್ಲ ಅನ್ನೋದು ನೆನಪಿರಲಿ. ಪರದೆ ಅಚ್ಚ ಬಿಳಿ ಇರಬೇಕು, ಕೆನೆ ಬಣ್ಣದ್ದು ಹಾಕಿದರೆ ಮುಖವೂ ಕೆನೆ ಬಣ್ಣ. ರೂಮಿನ ಟ್ಯೂಬ್‌ಲೈಟ್, ಬಲ್ಬ್ ಎಲ್ಲ ಆಫ್. ಅವು ಬೇರೆ ಬಣ್ಣದ ಬೆಳಕು.

ಕತ್ತರಿಕೆಲಸ
ಪ್ರಶ್ನೆಗಳ ಕ್ರಮವನ್ನೂ ಬೆಳಕಿಗೆ ಹೊಂದಿಸಿ. ಒಂದೇ ವಿಷಯದ ಪ್ರಶ್ನೆಗಳನ್ನು ಒಟ್ಟಿಗೆ ಕೇಳಿ ಮುಗಿಸಿ. ಬಾಲ್ಯದ ಬಗ್ಗೆ ಐದನೇ ನಿಮಿಷದಲ್ಲಿ ಒಂದಿಷ್ಟು, ಮೂವತ್ತೈದನೇ ನಿಮಿಷದಲ್ಲಿ ಒಂದಿಷ್ಟು ಹೇಳಿದರೆ ನಾನು ಎರಡನ್ನೂ ಪಕ್ಕಪಕ್ಕ ಕತ್ತರಿಸಿ ಜೋಡಿಸಬೇಕು, ಬೆಳಕಿನ ವ್ಯತ್ಯಾಸ ಅಲ್ಲಿ ಎದ್ದು ಕಾಣುತ್ತೆ. ಮತ್ತೆ ಐಎಸ್‌ಒ ಬದಲಿಸಿದಾಗಲೆಲ್ಲ ಅವರ ಕೈಯಲ್ಲಿ ಒಂದು ಬಿಳಿ ಕಾಗದ ಕೊಟ್ಟು ಮುಖದ ಪಕ್ಕ ಐದು ಸೆಕೆಂಡ್ ಹಿಡಿಸಿ. ಆ ಐದು ಸೆಕೆಂಡಿನಿಂದ ಬಣ್ಣ ಹೊಂದಿಸೋದು ನನಗೆ ಎಷ್ಟು ಸುಲಭ ಆಗುತ್ತೆ ಅಂದ್ರೆ ಹೇಳಲಾರೆ.

ಸೌಂಡ್‌ಸೀನ
ಕಿಟಕಿ ತೆರೆದಿಡ್ತೀರಾ ಮುಚ್ತೀರಾ? ತೆರೆದರೆ ಹೊರಗಿನ ಗಾಡಿ ಸದ್ದು.

ನೆರಳುಬೆಳಕು
ಗಾಜು ತಿಳಿಯಾಗಿದ್ದರೆ ಮುಚ್ಚಲಿ. ಹಸಿರು ಅಥವಾ ಕಂದು ಬಣ್ಣದ ಗಾಜಾದರೆ ಅರ್ಧ ತೆರೆದು ಅರ್ಧ ಮುಚ್ಚಿಡೋದು ಮಾತ್ರ ಬೇಡ, ಎರಡು ಬಣ್ಣದ ಬೆಳಕು ಸೇರುತ್ತೆ. ಪೂರ್ತಿ ಮುಚ್ಚಿ, ಅದೇ ಗಾಜಿನ ಬೆಳಕಲ್ಲಿ ಬಿಳಿ ಕಾಗದ ಹಿಡಿದು ವೈಟ್ ಬ್ಯಾಲೆನ್ಸ್ ಮಾಡಲಿ.

ಹೊಸಹಾದಿ
ಗಾಜು ತಿಳಿ ಇದೆ, ಮುಚ್ಚಿಯೇ ಮಾಡ್ತೀನಿ. 11:30ಕ್ಕೆ ಶುರು ಅಂತ ಅವರಿಗೆ ಹೇಳಿದೆ, ಒಪ್ಪಿದ್ದಾರೆ. ಇನ್ನೊಂದೇ ಅನುಮಾನ. ಅವರ ಹಿಂದೆ ತಂಬೂರಿ ಇಟ್ಟ ಗೋಡೆ ಇದೆ, ಅದು ಚೌಕಟ್ಟಿನಲ್ಲಿ ಬೇಕು. ಆದರೆ ಟೆಸ್ಟ್‌ನಲ್ಲಿ ಗೋಡೆ ಮುಖದಷ್ಟೇ ಬೆಳ್ಳಗೆ ಬಂತು.

ನೆರಳುಬೆಳಕು
ಕುರ್ಚಿಗೂ ಆ ಗೋಡೆಗೂ ಎಷ್ಟು ದೂರ?

ಹೊಸಹಾದಿ
3 ಅಡಿ ಇರಬಹುದು.

ನೆರಳುಬೆಳಕು
ಕಡಿಮೆ ಆಯ್ತು. 6 ಅಡಿ ಸಿಕ್ಕರೆ ಗೋಡೆ ತಾನಾಗಿ ಮಂಕಾಗುತ್ತೆ, ಕಿಟಕಿಯಿಂದ ದೂರ ಹೋದಷ್ಟೂ ಬೆಳಕು ಕುಗ್ಗುತ್ತೆ. ಕುರ್ಚಿ ಮುಂದೆ ತಂದರೆ ಕಿಟಕಿಯ ಅಂಚಿನ ಲೆಕ್ಕ ತಪ್ಪುತ್ತೆ, ಆದ್ದರಿಂದ ಕುರ್ಚಿ ಅಲ್ಲೇ ಇರಲಿ. ಅವರ ಹಿಂದೆ ಉಳಿಯುವ ಕಿಟಕಿಯ ಸಂದಿ ಇದ್ದರೆ ಅದನ್ನು ಪರದೆ ಎಳೆದು ಮುಚ್ಚಿ, ಗೋಡೆಗೆ ಬೀಳುವ ಬೆಳಕು ಮುಖ್ಯವಾಗಿ ಅಲ್ಲಿಂದಲೇ ಬರೋದು. ಹಾಗೂ ಸಾಲದಿದ್ದರೆ ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸಿ ರೂಮಿನ ದೂರದ ಮೂಲೆ ಹಿಂದೆ ಬರುವ ಹಾಗೆ ಮಾಡಿ, ತಂಬೂರಿಯನ್ನು ಆ ಮೂಲೆಗೆ ಇಡಿಸಿ. ಕ್ಯಾಮೆರಾ ಸರಿಸಿದರೆ ಕೇಳುವವರೂ ಜೊತೆಗೆ ಸರಿಯಬೇಕು, ರಿಫ್ಲೆಕ್ಟರ್ ಮತ್ತೆ ಅಳೆಯಬೇಕು.

ಹೊಸಹಾದಿ
ಹಿಂದಿನ ಸಂದಿ ಇದೆ, ಒಂದು ಅಡಿಯಷ್ಟು. ನಾಳೆ ಮುಚ್ಚಿ ತೆಗೆದು ಫ್ರೇಮ್ ಇಲ್ಲಿ ಹಾಕ್ತೀನಿ.